ಏಳನೇ ಗಾಡಿಯ ಚೀಟಿ

ಈ ಪುಸ್ತಕಕ್ಕೆ ಲೇಖನ ಕೊಡ್ತೀನಿ ಅಂತ ನಾನು ನಮ್ಮ ವಾಚನಾಲಯದ ಹುಡುಗರಿಗೆ ಮಾತು ಕೊಟ್ಟು ಎರಡು ತಿಂಗಳು ಆಗಿತ್ತು. ಒಬ್ಬ ಹುಡುಗ ದಿನಾ ನನ್ನನ್ನು ಕಂಡ ಕೂಡಲೇ "ಕಾಕಾ, ಲೇಖನ?" ಅಂತಿದ್ದ. ಚಹಾದ ಅಂಗಡಿಯಲ್ಲಿ ಅಂತಿದ್ದ, ಗುಡಿಯ ಕಟ್ಟೆಯ ಮ್ಯಾಲೆ ನಾಕು ಮಂದಿ ಕೂತಾಗಲೂ ಅಂತಿದ್ದ. ಕಡೆಕಡೆಗೆ ನಾನು ಅವನನ್ನು ದೂರದಿಂದ ನೋಡಿ ಬೇರೆ ಓಣಿ ಹಿಡಿದು ಹೋಗಲಿಕ್ಕೆ ಶುರುಮಾಡಿದೆ. ಅರವತ್ತು ದಾಟಿದ ಮನುಷ್ಯ, ಹುಡುಗನಿಗೆ ಹೆದರಿ ಓಣಿ ಬದಲಿಸುವುದೆಂದರೆ ನಗುವ ಮಾತೇ ಸೈ.

ಆಮೇಲೆ ಇನ್ನೊಬ್ಬ ಹುಡುಗ ನಮ್ಮ ಹೊಲಕ್ಕೇ ಬಂದ. "ಕಾಕಾ, ಹುಣ್ಣಿವಿ ಆದ ಮೂರನೇ ದಿನಕ್ಕೆ ಪುಸ್ತಕ ಅಚ್ಚಿಗೆ ಹೋಗ್ತದ. ಹತ್ತು ಲೇಖನ ಬಂದಾವ, ನಿಮ್ಮದೊಂದು ಉಳಿದದ. ಬರಿಯೋದು ತ್ರಾಸ ಆಗ್ತಿದ್ರ ನೀವು ಹೇಳ್ರಿ, ನಾ ಬರಕೋತೀನಿ" ಅಂದ. ನನಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು. ನಾನು ಏಳನೇ ಇಯತ್ತೆ ಕಲಿತವ. ಪದ ಹಾಡಲಿಕ್ಕೆ ಬಾಯಿ ಬರ್ತದೆ, ಬರೆಯಲಿಕ್ಕೆ ಕೈ ನಡುಗ್ತದೆ. ತಡ ಆದದ್ದು ಅದಕ್ಕೆ. ಮೊದಲಿನ ಹುಡುಗ ಇಪ್ಪತ್ತು ಸಲ ಕೇಳಿದರೂ ಇದು ಅವನಿಗೆ ಗೊತ್ತಾಗಲಿಲ್ಲ. ಎರಡನೆಯವನಿಗೆ ಒಂದೇ ಸಲಕ್ಕೆ ಗೊತ್ತಾಯಿತು.

ಇಬ್ಬರೂ ಕೇಳಿದ್ದು ಒಂದೇ ಲೇಖನ. ಹಾಗಾದರೆ ನೆನಪು ಮಾಡುವುದಕ್ಕೂ ಬೆನ್ನು ಹತ್ತುವುದಕ್ಕೂ ಏನು ಫರಕು? ನನ್ನ ಮೂವತ್ತು ವರ್ಷದ ಹಿಂದಿನ ಒಂದು ತಪ್ಪು ನೆನಪಾಯಿತು. ಅದನ್ನೇ ಬರೀತೀನಿ.

ಆಗ ನಮ್ಮ ಜತ್ತ ತಾಲೂಕಿನ ಈ ಭಾಗಕ್ಕೆ ಮಳಿ ನೆಚ್ಚಿಕೊಂಡು ಕೂತರೆ ಹೊಟ್ಟಿ ತುಂಬುತ್ತಿರಲಿಲ್ಲ. ದೀಪಾವಳಿ ಆಸುಪಾಸಿಗೆ ಗಂಡ-ಹೆಂಡಿರು, ಮಕ್ಕಳು, ಎತ್ತು, ಗಾಡಿ ಎಲ್ಲಾ ಕಟ್ಟಿಕೊಂಡು ಕಬ್ಬು ಕಡಿಯಲಿಕ್ಕೆ ಕೃಷ್ಣಾ ದಂಡೆಯ ಕಡೆ ಹೋಗುತ್ತಿದ್ದೆವು. ಆ ವರ್ಷ ಹತ್ತು ಗಾಡಿಯ ಟೋಳಿಗೆ ನಾನು ಮೊದಲ ಸಲ ಮುಕಾದಮ ಆದೆ. ಸ್ವಲ್ಪ ಓದು-ಬರಹ ಬರ್ತದೆ, ಹಾಡುವವ ಅಂತ ಮಂದಿ ಮಾತು ಕೇಳ್ತಾರೆ, ಇಷ್ಟೇ ನನ್ನ ಅರ್ಹತೆ.

ಕಬ್ಬಿನ ಟೋಳಿಗೆ ಹೋಗದವರಿಗೆ ಚೀಟಿಯ ಸಂಗತಿ ಬಿಡಿಸಿ ಹೇಳಬೇಕು. ನಸುಕಿನಲ್ಲಿ ಗಂಡ-ಹೆಂಡತಿ ಕೂಡಿ ಕಬ್ಬು ಕಡಿದು, ಸೋಗಿ ಸವರಿ, ಮೋಳಿ ಕಟ್ಟಿ ಗಾಡಿ ಹೇರಬೇಕು. ಕಡಿದ ಕಬ್ಬು ಬಿಸಿಲಿಗೆ ಒಣಗಿದರೆ ತೂಕ ಇಳೀತದೆ, ಅದಕ್ಕೆ ಅವತ್ತಿಂದು ಅವತ್ತೇ ಕಾರ್ಖಾನೆಗೆ ಹೊಡೆಯಬೇಕು. ಅಲ್ಲಿ ಪಾಳಿ ಹಚ್ಚಿ ನಿಂತು, ತುಂಬಿದ ಗಾಡಿಯನ್ನು ಕಾಟಾದ ಮ್ಯಾಲೆ ಹತ್ತಿಸಿ ತೂಕ ಮಾಡ್ತಾರೆ. ಕಬ್ಬು ಇಳಿಸಿದ ಮ್ಯಾಲೆ ಖಾಲಿ ಗಾಡಿಯ ತೂಕ. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಉಳಿದದ್ದು ಕಬ್ಬಿನ ತೂಕ. ಗಾಡಿ ನಂಬರು, ತಾರೀಖು, ಈ ಮೂರು ತೂಕ ಬರೆದ ಒಂದು ಸಣ್ಣ ಚೀಟಿ ಗಾಡಿಯವನ ಕೈಗೆ ಕೊಡ್ತಾರೆ.

ಕೂಲಿ ಟನ್ನಿನ ಲೆಕ್ಕದ ಮ್ಯಾಲೆ. ಊರು ಬಿಡುವ ಮೊದಲೇ ಪ್ರತಿಯೊಬ್ಬರೂ ಉಚಲ್ ತಗೊಂಡಿರ್ತಾರೆ, ಅಂದರೆ ಮುಂಗಡ ರೊಕ್ಕ. ಹದಿನೈದು ದಿನಕ್ಕೊಮ್ಮೆ ಬಿಲ್ಲು ಆಗ್ತದೆ, ಆ ಪಂಧರವಡೆಯ ದುಡಿಮೆ ಉಚಲ್ಲಿನಲ್ಲಿ ವಜಾ ಆಗ್ತದೆ. ಹಾಗಾಗಿ ಒಂದು ಚೀಟಿ ಅಂದರೆ ಇಬ್ಬರು ಮನುಷ್ಯರ ಒಂದು ದಿನದ ಬೆವರು, ಮತ್ತು ಆ ಮನಿಯ ಸಾಲದಲ್ಲಿ ಇಳಿದ ಒಂದು ಪಾವಟಿಗಿ. ಈಗಿನ ಆಫೀಸಿನವರು ಇಂಥಾ ದಿನ ಇಷ್ಟು ತಾಸು ಕೆಲಸ ಮಾಡಿದೆ ಅಂತ ಬರೆದು ಕೊಡ್ತಾರಲ್ಲ, ಅದರ ಹಾಗೆ.

ಕಾರ್ಖಾನೆಯವರು ಬಿಲ್ಲು ಮಾಡುವುದು ತಮ್ಮ ಕಡೆಯ ನಕಲಿನ ಮ್ಯಾಲೆ. ನಮ್ಮ ಚೀಟಿ ಇಲ್ಲದಿದ್ದರೂ ಬಿಲ್ಲು ಆಗ್ತದೆ. ಆದರೆ ಒಂದು ಖೇಪು ಬಿಟ್ಟು ಹೋದರೆ, ಇಲ್ಲಾ ಬೇರೆಯವರ ನಂಬರಿಗೆ ಜಮಾ ಆದರೆ, ಅದು ನಮ್ಮದು ಅಂತ ಹೇಳಲಿಕ್ಕೆ ಚೀಟಿ ಒಂದೇ ಸಾಕ್ಷಿ. ಅದಕ್ಕೆ ಎಲ್ಲರ ಚೀಟಿ ಕೂಡಿಸಿ, ನನ್ನ ವಹಿಗೆ ಹಚ್ಚಿ, ಬಿಲ್ಲಿಗೆ ತಾಳೆ ನೋಡುವುದು ಮುಕಾದಮನ ಕೆಲಸ.

ಈ ಮಾತನ್ನು ಈಗ ನಿಮಗೆ ನಾಕು ಸಾಲಿನಲ್ಲಿ ಹೇಳಿದೆ. ಆ ವರ್ಷ ನನ್ನ ಟೋಳಿಯವರಿಗೆ ಒಮ್ಮೆಯೂ ಹೇಳಿರಲಿಲ್ಲ. ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು.

ನಾನು ಮಾಡಿದ್ದು ಏನಂದರೆ, ದಿನಾ ರಾತ್ರಿ ಖೋಪಿಗಳ ನಡುವೆ ನಿಂತು ಹಾಡುವ ಗಂಟಲಿನಲ್ಲಿ ಕೂಗುವುದು. "ಚೀಟಿ ಕೊಡ್ರಿ, ಚೀಟಿ! ಎರಡನೇ ಗಾಡಿ, ನಿಂದೆಲ್ಲಿ? ಐದನೇದು? ಏಳನೇದು, ದಿನಾ ನಿಂದೇ ಹಾಡು!" ದಣಿದು ಬಂದು ರೊಟ್ಟಿ ಬಡಿಯುವ ಹೊತ್ತು. ಕೆಲವರು ನನ್ನ ಬಾಯಿ ಮುಚ್ಚಿಸಲಿಕ್ಕೆ ಸಿಕ್ಕ ಚೀಟಿ ಎಲ್ಲಾ ಒಟ್ಟುಗೂಡಿಸಿ ಒಗೆಯುತ್ತಿದ್ದರು. ಕೆಲವರು ಮಲಗಿದಂತೆ ಮಾಡ್ತಿದ್ದರು.

ಏಳನೇ ಗಾಡಿಯವ ನನಗಿಂತ ಹತ್ತು ವರ್ಷ ಹಿರಿಯ. ನಾನು ಅವನಿಗೆ ಅಣ್ಣಾ ಅನ್ನುತ್ತಿದ್ದೆ, ಆದರೆ ಕೂಗುವಾಗ ಅದನ್ನು ಮರೀತಿದ್ದೆ. ಒಂದು ಪಂಧರವಡೆಯಲ್ಲಿ ಅವನಿಂದ ಒಂಬತ್ತು ಚೀಟಿ ಬಂದಿದ್ದವು. ಇನ್ನೂ ಮೂರ್ನಾಲ್ಕು ಬರಬೇಕು ಅಂತ ನನ್ನ ಅಂದಾಜು. ಅಂದಾಜು ಅಂತೀನಿ, ಯಾಕಂದರೆ ಯಾವ ಗಾಡಿ ಎಷ್ಟು ಖೇಪು ಮಾಡಿತು ಅಂತ ನಾನೂ ದಿನಾ ಬರೆದಿಟ್ಟಿರಲಿಲ್ಲ. ನನ್ನ ವಹಿಯೇ ಖಾಲಿ, ಕೂಗುವುದು ಮಾತ್ರ ಅವನ ಮ್ಯಾಲೆ. ಐದಾರು ರಾತ್ರಿ ಕೂಗಿದೆ. ಒಂದು ರಾತ್ರಿ ಅವನ ಸಣ್ಣ ಮಗಳು ಪಕ್ಕದಲ್ಲಿ ಕೂತು ಉಣ್ಣುತ್ತಿತ್ತು. "ಕೊಡ್ತೀನಿ ಅಂದೆನಲ್ಲೋ" ಅಂತ ಅಂದು ಅವನು ತಾಟು ಬಿಟ್ಟು ಎದ್ದು ಎತ್ತಿನ ಕಡೆ ಹೋದ. ಮರುದಿನದಿಂದ ನಾನು ಬರುವ ಹೊತ್ತಿಗೆ ಅವನು ಖೋಪಿಯಲ್ಲಿ ಇರುತ್ತಿರಲಿಲ್ಲ. ನಾನು "ನೋಡ್ರಿ, ಕಳ್ಳ ಮನಸು" ಅಂತ ತಿಳಕೊಂಡೆ.

ಬಿಲ್ಲು ಬಂತು. ಅವನ ಹೆಸರಿಗೆ ಹನ್ನೆರಡು ಖೇಪು. ಅವನು "ನಾ ಹದಿಮೂರು ಹೊಡದೀನಿ" ಅಂದ. ಆಮೇಲೆ ಅವನ ಹೆಂಡತಿ ನನ್ನ ಹೆಂಡತಿಯ ಮುಂದೆ ಅತ್ತು ಹೇಳಿದ ಮ್ಯಾಲೆ ಸಂಗತಿ ಹೊರಗೆ ಬಿತ್ತು. ಎರಡು ಚೀಟಿ ಅಂಗಿಯ ಕಿಸೆಯಲ್ಲೇ ಉಳಿದು, ಅಂಗಿ ಒಗೆಯುವಾಗ ಮುದ್ದಿ ಆಗಿದ್ದವು. ಚೀಟಿ ಹೋದರೆ ಮುಕಾದಮ ಆ ಖೇಪು ಕಡೀತಾನೆ ಅಂತ ಅವನ ಹೆದರಿಕೆ. ಉಳಿದ ಎರಡು ಇದ್ದವು, ಆದರೆ ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಆ ಎರಡು ಕೊಟ್ಟರೆ "ಇನ್ನೆರಡು ಎಲ್ಲಿ" ಅಂತ ನಾನು ಎಲ್ಲರ ಮುಂದೆ ಕೇಳ್ತೀನಿ ಅಂತ ಅವನ್ನೂ ಕೊಟ್ಟಿರಲಿಲ್ಲ.

ನಾನು ಕಾರ್ಖಾನೆಯ ಆಫೀಸಿಗೆ ಹೋದೆ. ಅಲ್ಲಿಯ ಗುಮಾಸ್ತ "ಚೀಟಿ ತೋರಿಸ್ರಿ, ಇಲ್ಲಾ ತಾರೀಖು ಹೇಳ್ರಿ, ವಹಿ ತೆಗೆದು ನೋಡೋಣ" ಅಂದ. ಚೀಟಿ ನೀರಿನಲ್ಲಿ ಹೋಗಿತ್ತು. ತಾರೀಖು ಅವನಿಗೂ ನೆನಪಿಲ್ಲ, ನನ್ನ ವಹಿಯಲ್ಲೂ ಇಲ್ಲ. ಎಲ್ಲಾ ದಿನ ಒಂದೇ ಥರ, ಕಬ್ಬು, ಹಾದಿ, ಪಾಳಿ. ನಾನು ಸುಮ್ಮನೆ ತಿರುಗಿ ಬಂದೆ. ಚೀಟಿ ಒದ್ದೆಯಾದ ದಿನವೇ ಅವನು ಹೇಳಿದ್ದರೆ, ಆ ತಾರೀಖು ಹಿಡಿದು ಅಲ್ಲೇ ನೋಡಿಸಬಹುದಿತ್ತು. ಹೇಳದಂತೆ ಮಾಡಿದವ ನಾನು.

ಇಲ್ಲಿ ನಿಂತು ವಿಚಾರ ಮಾಡಬೇಕು. ಚೀಟಿ ಕೇಳಿದ್ದು ತಪ್ಪೇ? ಅಲ್ಲ. ಅವನ ಹಿತಕ್ಕೇ ಕೇಳಿದ್ದು. ಆದರೆ ನಾನು ಕೂಗುವಾಗ ನನ್ನ ಮನಸಿನಲ್ಲಿ ಅವನ ಹಿತ ಇರಲಿಲ್ಲ. ನನ್ನ ವಹಿ ತುಂಬಬೇಕು, ನನ್ನ ತಲೆಯ ಕಿರಿಕಿರಿ ಇಳೀಬೇಕು ಅಂತಿತ್ತು. ಕೂಗಿದ ಮ್ಯಾಲೆ ನನಗೆ ಹಗುರ ಆಗ್ತಿತ್ತು, ಅವನಿಗೆ ಭಾರ ಆಗ್ತಿತ್ತು. ನನ್ನ ಭಾರ ಅವನ ತಲೆಯ ಮ್ಯಾಲೆ ಇಳಿಸುವ ಮಾತು ಕಿರಿಕಿರಿ. ಅವನ ಭಾರಕ್ಕೆ ಒಂದು ಕೈ ಹಚ್ಚುವ ಮಾತು ನೆನಪು. ಇಷ್ಟು ಸಣ್ಣ ಫರಕು ತಿಳೀಲಿಕ್ಕೆ ಒಬ್ಬ ಬಡವನ ಒಂದು ಖೇಪು ಹೋಗಬೇಕಾಯಿತು. ನನ್ನ ಕಮಿಷನ್ನಿನಲ್ಲಿ ಅದನ್ನು ತುಂಬಿ ಕೊಡಬಹುದಿತ್ತು. ಆ ವರ್ಷ ಆ ಬುದ್ಧಿ ಬರಲಿಲ್ಲ. ಮುಂದಿನ ವರ್ಷ ಅವನು ಬೇರೆ ಟೋಳಿಗೆ ಹೋದ.

ಎರಡನೇ ವರ್ಷ ನಾನು ಬೇರೆ ದಾರಿ ಹಿಡಿದೆ. ಯಾರೂ ಕಲಿಸಲಿಲ್ಲ. ಹಂತಿ ಪದ ಹಾಡುವಾಗಿನ ರೂಢಿ ಕಲಿಸಿತು ಅಂತ ಬೇಕಾದರೆ ಅನ್ನಬಹುದು. ನಾನು ಒಂದು ನುಡಿ ಎತ್ತಿಕೊಟ್ಟರೆ ಹಿಂದಿನವರು ಎತ್ತಿ ಹಾಡ್ತಾರೆ. ಒಬ್ಬ ತಾಳ ತಪ್ಪಿದ ಅಂತ ಪದ ನಿಲ್ಲಿಸಿ ಅವನ ಹೆಸರು ಹಿಡಿದು ಬಯ್ದರೆ ಪದವೇ ಕೆಡ್ತದೆ. ನಾವು ತಾಳವನ್ನು ಎಲ್ಲರಿಗೂ ಕೇಳುವಂತೆ ಒಂದಿಷ್ಟು ಗಟ್ಟಿ ಬಾರಿಸ್ತೀವಿ. ತಪ್ಪಿದವನು ತಾನೇ ಬಂದು ಕೂಡಿಕೋತಾನೆ. ಅಷ್ಟಕ್ಕೂ ಬರದಿದ್ದರೆ ಅವನ ಬಾಜೂಕ್ಕ ಸರಿದು ಅವನ ಸಾಲನ್ನು ಅವನ ಜೋಡಿ ಮೆಲ್ಲಗೆ ಹಾಡ್ತೀವಿ.

ಮೊದಲು ನನ್ನ ವಹಿ ನೆಟ್ಟಗೆ ಮಾಡಿದೆ. ದಿನಾ ಸಂಜೆ ಯಾವ ಗಾಡಿ ಹೋಯಿತು, ಯಾವುದು ಹೋಗಲಿಲ್ಲ ಅಂತ ಒಂದೊಂದು ಗೆರಿ ಎಳೆದೆ. ಗಾಡಿ ಹೋಗದ ದಿನ ಖಾಡೆ ಅಂತ ಸೊನ್ನೆ. ನನ್ನ ಖೋಪಿಯ ಬಾಗಿಲಿಗೆ ಹತ್ತು ತಂತಿಯ ಕೊಕ್ಕೆ ಕಟ್ಟಿ ಒಂದೊಂದಕ್ಕೂ ಗಾಡಿಯ ನಂಬರು ಹಚ್ಚಿದೆ. ಎತ್ತು ಬಿಚ್ಚಿ ನೀರಿಗೆ ಹೋಗುವ ಹಾದಿಯೇ ಅದು. ಕರೆದು ಕೇಳುವ ಮಾತೇ ಇಲ್ಲ, ಹೋಗುವಾಗ ಚುಚ್ಚಿ ಹೋಗುವುದು.

ಬಿಲ್ಲಿನ ಮೂರು ದಿನ ಮೊದಲು, ಸಂತಿಯ ದಿನ ಎಲ್ಲರೂ ಕೂಡಿರುವಾಗ ಒಂದೇ ಮಾತು ಹೇಳ್ತಿದ್ದೆ. "ಶನಿವಾರ ಬಿಲ್ಲು. ಶುಕ್ರವಾರ ರಾತ್ರಿ ನಾ ತಾಳೆ ನೋಡ್ತೀನಿ. ಚೀಟಿ ಇದ್ರ ಖೇಪು ತಪ್ಪಿದ್ರ ಜಗಳಾಡಿ ತರ್ತೀನಿ. ಚೀಟಿ ಕಳದಿದ್ರ ಹೆದರಬ್ಯಾಡ್ರಿ, ಇವತ್ತೇ ಹೇಳ್ರಿ, ತಾರೀಖು ನನ್ನ ವಹ್ಯಾಗ ಅದ, ಕಾಟಾದಾಗ ನೋಡಸ್ತೀನಿ." ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಪ್ರತಿ ಪಂಧರವಡೆಗೂ ಅದೇ ದಿನ, ಅದೇ ಮಾತು. ಗೊತ್ತಿದ್ದ ಹೊತ್ತಿಗೆ ಎಲ್ಲರಿಗೂ ಬರುವ ಮಾತನ್ನು ಯಾರೂ ತನ್ನ ಮ್ಯಾಲಿನ ಬೈಗುಳ ಅಂತ ತಿಳಿಯುವುದಿಲ್ಲ. ಗುಡಿಯ ಗಂಟಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ.

ಆಮೇಲೂ ಉಳಿದವರು ಒಬ್ಬಿಬ್ಬರು. ಅವರ ಕಡೆ ಒಬ್ಬರೇ ಇದ್ದಾಗ ಹೋಗ್ತಿದ್ದೆ, ಎತ್ತಿಗೆ ವಾಡೆ ಹಾಕುವ ಹೊತ್ತಿಗೆ. ಬರೀ "ಚೀಟಿ ಕೊಡು" ಅನ್ನುತ್ತಿರಲಿಲ್ಲ. "ಅಣ್ಣಾ, ನಿಂದು ಹದಿಮೂರು ಖೇಪು. ನನ್ನ ಕಡೆ ಹನ್ನೊಂದು ಅದಾವ. ಮಂಗಳವಾರದ್ದೊಂದು, ಶುಕ್ರವಾರದ್ದೊಂದು ಬರಬೇಕು. ಏನರೆ ಅಡಚಣಿ ಅದ ಏನು?" ಅಂತಿದ್ದೆ. ಎರಡು ಚೀಟಿ, ಎರಡು ದಿನ. ಹುಡುಕುವವನಿಗೆ ಕೆಲಸ ಸಣ್ಣದಾಗ್ತದೆ. ಬಹಳ ಸಲ ಅಲ್ಲೇ ಚೀಲ ಜಾಡಿಸಿ ಕೊಡ್ತಿದ್ದರು. ಕಡೆಯ ಪ್ರಶ್ನೆ ಬಾಯಿಮಾತಿಗೆ ಕೇಳಬಾರದು. ಕೇಳಿ, ಉತ್ತರ ಬರುವ ತನಕ ನಿಲ್ಲಬೇಕು. ಏಳನೇ ಗಾಡಿಯವನಿಗೆ ನಾನು ಕೇಳದೆ ಬಿಟ್ಟದ್ದು ಆ ಒಂದು ಪ್ರಶ್ನೆಯನ್ನೇ.

ಇನ್ನೊಂದು ಮಾಡಿದೆ. ಬಿಲ್ಲು ಬಂದ ಮ್ಯಾಲೆ ಒಬ್ಬೊಬ್ಬರನ್ನೂ ಕೂಡಿಸಿಕೊಂಡು ಅವರ ಚೀಟಿ ಮತ್ತು ಬಿಲ್ಲು ಜೋಡಿಸಿ ಓದಿ ಹೇಳ್ತಿದ್ದೆ. ಇಷ್ಟು ಖೇಪು, ಇಷ್ಟು ಟನ್ನು, ಉಚಲ್ಲಿನಲ್ಲಿ ಇಷ್ಟು ಹರೀತು. ಒಂದು ಪಂಧರವಡೆಯಲ್ಲಿ ನಾಕನೇ ಗಾಡಿಯ ಒಂದು ಖೇಪು ಬಿಟ್ಟು ಹೋಗಿತ್ತು. ಚೀಟಿ ತೋರಿಸಿದ ಕೂಡಲೇ ಮುಂದಿನ ಬಿಲ್ಲಿನಲ್ಲಿ ಕೂಡಿಸಿ ಕೊಟ್ಟರು. ಆ ಸುದ್ದಿ ಖೋಪಿಯಿಂದ ಖೋಪಿಗೆ ಹೋಯಿತು. ಆಮೇಲೆ ನಾನು ನೆನಪು ಮಾಡುವ ಕೆಲಸ ಅರ್ಧ ಕಡಿಮೆಯಾಯಿತು. ಕೊಟ್ಟ ಕಾಗದ ಎಲ್ಲಿ ಹೋಯಿತು, ಅದರಿಂದ ಏನಾಯಿತು ಅಂತ ಗೊತ್ತಿಲ್ಲದವನಿಗೆ ಎಷ್ಟು ಹೇಳಿದರೂ ಅದು ಮುಕಾದಮನ ಕಾಗದವೇ. ಗೊತ್ತಾದ ಮ್ಯಾಲೆ ಅದು ಅವನ ಕಾಗದ.

ಇದೆಲ್ಲಾ ಮಾಡಿದರೂ ಕೊಡದವರು ಇರ್ತಾರೆ. ಇಲ್ಲ ಅಂದರೆ ಸುಳ್ಳಾಗ್ತದೆ. ಒಂಬತ್ತನೇ ಗಾಡಿಯ ಹುಡುಗ ಹಾಗಿದ್ದ. ಹೆದರಿಕೆಯೂ ಇಲ್ಲ, ಅಡಚಣಿಯೂ ಇಲ್ಲ, ಬರೀ ಬೇಪರ್ವಾಯಿ. ಅವನಿಗೆ ಎರಡು ಸಲ ಹೇಳಿದೆ. ಮೂರನೇ ಸಲ "ತಮ್ಮಾ, ಇದರ ಮ್ಯಾಲೆ ನಾ ಕೇಳೂದಿಲ್ಲ. ಶುಕ್ರವಾರ ರಾತ್ರಿ ನನ್ನ ಕಡೆ ಇಲ್ಲದ ಖೇಪಿನ ಸಲುವಾಗಿ ನಾ ಆಫೀಸಿಗೆ ಹೋಗಲಿಕ್ಕೆ ಬರೂದಿಲ್ಲ" ಅಂದೆ, ಸಿಟ್ಟು ಮಾಡದೆ. ಮತ್ತೆ ಕೇಳಲೂ ಇಲ್ಲ. ಇಷ್ಟಕ್ಕೇ ನನ್ನ ಕೆಲಸ ಮುಗೀತು ಅಂತ ಮಾಡಿದ್ದೆ. ಆದರೆ ರಾತ್ರಿ ನಿದ್ದಿ ಬರಲಿಲ್ಲ. ಆ ಚೀಟಿಯಲ್ಲಿ ಅವನ ದುಡಿಮೆ ಅರ್ಧ, ಉಳಿದರ್ಧ ಅವನ ಹೆಂಡತಿಯದು. ಅವನು ಕಳಕೊಳ್ಳುವುದು ಅವನ ಖುಷಿ ಅಂದರೆ, ಅವಳು ಯಾಕೆ ಕಳಕೊಳ್ಳಬೇಕು? ನಾನು ಇಷ್ಟು ದಿನ ಒಬ್ಬೊಬ್ಬ ಗಂಡಸನ್ನೇ ಕೇಳ್ತಾ ಬಂದಿದ್ದೆ. ಮರುದಿನ ಅವಳಿಗೆ ಹೇಳಿದೆ, "ತಂಗೀ, ಈ ಚೀಟಿ ನಿಂದೂ ಹೌದು." ಅವತ್ತಿನಿಂದ ಗಾಡಿ ಬಂದ ಕೂಡಲೇ ಗಂಡನ ಕಿಸೆಗೆ ಕೈ ಹಾಕಿ ಚೀಟಿ ತೆಗೆದು ಕುಂಕುಮದ ಡಬ್ಬಿಯಲ್ಲಿ ಇಡ್ತಿದ್ದಳು. ಒಂದೂ ತಪ್ಪಲಿಲ್ಲ. ನೆನಪು ಯಾರಿಗೆ ಮಾಡಬೇಕು ಅಂತ ವಿಚಾರ ಮಾಡದೆ ಹೇಗೆ ಮಾಡಬೇಕು ಅಂತ ಎಷ್ಟು ಯೋಚಿಸಿದರೂ ಅಷ್ಟೇ.

ಈ ಹಳೇ ಕಥಿ ಮೊನ್ನೆ ಕೆಲಸಕ್ಕೆ ಬಂತು. ನನ್ನ ತಂಗಿಯ ಮಗ ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿ ಇದ್ದಾನೆ. ಅವನ ಕೈಕೆಳಗೆ ಎಂಟು ಮಂದಿ. ವಾರಕ್ಕೊಮ್ಮೆ ಅವರೆಲ್ಲಾ ಯಾವ ಕೆಲಸಕ್ಕೆ ಎಷ್ಟು ತಾಸು ಕೊಟ್ಟೆವು ಅಂತ ತುಂಬಬೇಕು, ಅದಕ್ಕೆ ಟೈಮ್‌ಶೀಟ್ ಅಂತಾರೆ. ಹಬ್ಬಕ್ಕೆ ಬಂದಾಗ ಫೋನು ನೋಡಿ ತಲಿ ಚಚ್ಚಿಕೊಂಡ. "ಮಾಮಾ, ಪ್ರತಿ ವಾರ ಇದೇ ಹಣೆಬರಹ" ಅಂದ. ಅವನು ಗುಂಪಿಗೆ ಹಾಕಿದ ಮಾತನ್ನು ಓದಿಸಿ ಕೇಳಿದೆ. "ಎಷ್ಟು ಸಲ ಹೇಳಬೇಕು? ಕೆಳಗಿನ ಮೂವರು ಇನ್ನೂ ತುಂಬಿಲ್ಲ. ದಯವಿಟ್ಟು ಜವಾಬ್ದಾರಿ ಕಲೀರಿ" ಅಂತ ಬರೆದು ಮೂವರ ಹೆಸರು ಹಾಕಿದ್ದ. ನನಗೆ ನನ್ನ ಗಂಟಲೇ ಕೇಳಿದಂಗಾಯಿತು.

"ಅಳಿಯಾ, ಅದನ್ನ ತುಂಬದಿದ್ರ ಏನಾಗ್ತದ?" ಅಂತ ಕೇಳಿದೆ.

"ಕೆಲಸ ಕೊಟ್ಟ ಕಂಪನಿಗೆ ತಿಂಗಳ ಬಿಲ್ಲು ಅದರ ಮ್ಯಾಲೇ ಆಗ್ತದ ಮಾಮಾ. ತುಂಬದ ತಾಸು ಬಿಲ್ಲಿನಾಗ ಬರೂದಿಲ್ಲ. ರವಿವಾರ ದುಡದವರಿಗೆ ಬದಲಿ ರಜಾ ಸಿಗೂದಿಲ್ಲ. ಈ ಮಂದಿಗೆ ಕೆಲಸ ಕಡಿಮಿ ಅದ ಅಂತ ಮ್ಯಾಲಿನವರು ತಿಳಕೋತಾರ."

"ಇದನ್ನ ಅವರಿಗೆ ಹೇಳೀಯೇನು?"

ಸುಮ್ಮನಾದ. ನಾನು ಏಳನೇ ಗಾಡಿಯ ಸಂಗತಿ ಹೇಳಿದೆ. ಅವನು ಕೂತು ಬೇರೆ ಮಾತು ಬರೆದ. ಮರುವಾರದಿಂದ ಶುಕ್ರವಾರದ ಬದಲು ಗುರುವಾರ ಮಧ್ಯಾಹ್ನ ಎಲ್ಲರಿಗೂ ಅದನ್ನೇ ಕಳಿಸ್ತಾನಂತೆ. ಮಾತು ಇಷ್ಟೇ: "ನಾಳೆ ಐದಕ್ಕೆ ಈ ವಾರದ ತಾಸು ಮುಚ್ಚುತ್ತದೆ. ರವಿವಾರ ಕೆಲಸ ಮಾಡಿದವರು ಅದನ್ನು ಹಾಕಿದರೆ ಬದಲಿ ರಜೆ ಸಿಗುತ್ತದೆ. ನನ್ನದೂ ಇವತ್ತು ಬೆಳಿಗ್ಗೆಯೇ ತುಂಬಿದೆ, ಹತ್ತು ನಿಮಿಷ ಹಿಡಿಯಿತು. ಯಾವ ಕೆಲಸಕ್ಕೆ ಹಾಕಬೇಕೆಂದು ತಿಳಿಯದಿದ್ದರೆ ನಾಲ್ಕರ ತನಕ ನನ್ನನ್ನು ಕೇಳಿ." ಉಳಿದವರಿಗೆ ಗುಂಪಿನಲ್ಲಿ ಹೆಸರು ಹಾಕುವುದು ಬಿಟ್ಟು ಒಬ್ಬೊಬ್ಬರಿಗೇ ಕೇಳಿದ. "ನಿಮ್ಮದು ಬುಧವಾರ, ಗುರುವಾರ ಖಾಲಿ ಕಾಣ್ತದೆ, ಏನಾದರೂ ಅಡಚಣೆ ಇದೆಯೇ?"

ಫೋನು ಮಾಡಿ ಹೇಳಿದ. ಆ ಮೂವರಲ್ಲಿ ಒಬ್ಬಾಕಿ ಹೊಸದಾಗಿ ಬಂದ ಹುಡುಗಿಯಂತೆ. ಎರಡು ದಿನ ಬೇರೆಯವರ ಕೆಲಸಕ್ಕೆ ಕೈಗೂಡಿಸಿದ್ದಳು, ಅದನ್ನು ಯಾವ ನಂಬರಿಗೆ ಹಾಕಬೇಕು ಗೊತ್ತಿರಲಿಲ್ಲ. ತಪ್ಪು ಹಾಕಿದರೆ ಬೈತಾರೆ ಅಂತ ಖಾಲಿ ಬಿಟ್ಟಿದ್ದಳು. ಎರಡು ನಿಮಿಷದ ಮಾತಿನಲ್ಲಿ ಮುಗೀತು. ಇನ್ನೊಬ್ಬ ವಾರದ ಕೊನೆಗೆ ಕೂತು ಸೋಮವಾರ ಏನು ಮಾಡಿದೆ ಅಂತ ನೆನಪಿಲ್ಲದೆ ಒದ್ದಾಡ್ತಿದ್ದ. ಅವನಿಗೆ ದಿನಾ ಮನಿಗೆ ಹೋಗುವ ಮುಂಚೆ ಒಂದು ಗೆರಿ ಎಳಿ ಅಂತ ಹೇಳಿದನಂತೆ. ಮೂರನೆಯವ ಈಗಲೂ ತಡ ಮಾಡ್ತಾನೆ. ಇರಲಿ, ಒಂಬತ್ತನೇ ಗಾಡಿ ಎಲ್ಲಾ ಕಡೆ ಇರ್ತದೆ.

ಸಾಲಿಯ ಗುರುಗಳು ಇದನ್ನು ಓದಿದರೆ ಮನಿಯಭ್ಯಾಸ ತರದ ಹುಡುಗನನ್ನು ನೆನೆಸಿಕೊಳ್ಳಲಿ. ಐದು ಸಲ ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿದ ಹುಡುಗ ಆರನೇ ದಿನ ಸಾಲಿಗೇ ಬರದಿದ್ದರೆ, ಅವನ ಅಂಗಿಯ ಕಿಸೆಯಲ್ಲಿ ಯಾವ ಚೀಟಿ ಒದ್ದೆಯಾಗಿ ಮುದ್ದಿ ಆಗಿದೆಯೋ ಯಾರು ಕಂಡವರು.

ಏಳನೇ ಗಾಡಿಯವ ತೀರಿಕೊಂಡು ಬಹಳ ವರ್ಷ ಆಯಿತು. ಅವನ ಮಗಳು ನಮ್ಮ ಪಕ್ಕದ ಊರಿಗೇ ಕೊಟ್ಟವಳು. ಜಾತ್ರಿಯಲ್ಲಿ ನನ್ನ ಪದ ಕೇಳಲಿಕ್ಕೆ ಬರ್ತಾಳೆ. ಆ ರಾತ್ರಿ ಅಪ್ಪ ತಾಟು ಬಿಟ್ಟು ಎದ್ದದ್ದು ಅವಳಿಗೆ ನೆನಪು ಇದೆಯೋ ಇಲ್ಲವೋ, ನಾನು ಕೇಳಿಲ್ಲ. ಹೋದ ವರ್ಷ ಅವಳನ್ನು ಕರೆದು ಆ ಒಂದು ಖೇಪಿನ ಸಂಗತಿ ಹೇಳಿದೆ, ತಪ್ಪು ನನ್ನದು ಅಂದೆ. ಅವಳು "ಹೋಗಲಿ ಬಿಡ್ರಿ ಕಾಕಾ" ಅಂದಳು. ಆದರೆ ಕೊಡಬೇಕಾದ್ದನ್ನು ತಡಮಾಡಿ ಕೊಟ್ಟವ ನಾನೂ ಹೌದಲ್ಲ? ಮೂವತ್ತು ವರ್ಷ. ನನಗೆ ಯಾರೂ ಕೂಗಿ ಕೇಳಿರಲಿಲ್ಲ.

ವಾಚನಾಲಯದ ಹುಡುಗನಿಗೆ ಇದನ್ನು ಹೇಳ್ತಾ ಹೋದೆ, ಅವನು ಬರಕೊಂಡ. ಹುಣ್ಣಿವಿಗೆ ಇನ್ನೂ ಎರಡು ದಿನ ಇದೆ.